ತಪ್ಪು ತೋರಿಸುವ ಮೇಲ್: ಏನು ಬರೆಯಬೇಕು, ಏನು ಬಿಡಬೇಕು

ಹುಬ್ಬಳ್ಳಿಯಲ್ಲಿ ಕೃಷಿ ಉಪಕರಣ ಮಾರುವ ಕಂಪನಿಯೊಂದರ ಶಾಖೆ ಇದೆ ಎಂದಿಟ್ಟುಕೊಳ್ಳೋಣ. ಹುಬ್ಬಳ್ಳಿ, ಗದಗ, ಹಾವೇರಿಗಳಲ್ಲಿ ಅದರ ಗೋಡೌನುಗಳಿವೆ. ಮೂರರ ಸ್ಟಾಕ್ ಸ್ಟೇಟ್‌ಮೆಂಟ್ ಪ್ರತಿ ತಿಂಗಳು 5ನೇ ತಾರೀಖಿನೊಳಗೆ ಬೆಂಗಳೂರಿನ ಹೆಡ್ ಆಫೀಸಿಗೆ ಹೋಗಬೇಕು. ಎಲ್ಲಿಗೆ ಎಷ್ಟು ಮಾಲು ಕಳಿಸಬೇಕೆಂದು ಅಲ್ಲಿನವರು ತೀರ್ಮಾನಿಸುವುದು ಅದನ್ನು ನೋಡಿಯೇ. ಸ್ಟೇಟ್‌ಮೆಂಟ್ ತಯಾರಿಸುವವರನ್ನು ಕವಿತಾ ಎಂದೂ ತಂಡದ ಮುಖ್ಯಸ್ಥರನ್ನು ಮಂಜುನಾಥ ಎಂದೂ ಕರೆಯೋಣ.

ಜೂನ್ ತಿಂಗಳ ಸ್ಟೇಟ್‌ಮೆಂಟ್ ಎರಡು ದಿನ ತಡವಾಗಿ, ಜುಲೈ 7ಕ್ಕೆ ಹೋಯಿತು. ಗದಗದಲ್ಲಿ ಉಳಿದಿರುವ ಸ್ಪ್ರೇಯರುಗಳು 151 ಎಂದು ಅದರಲ್ಲಿತ್ತು. ನಿಜವಾಗಿ ಇದ್ದದ್ದು 115. ಡೀಲರುಗಳಿಂದ 140 ಸ್ಪ್ರೇಯರುಗಳಿಗೆ ಬೇಡಿಕೆ ಬಂದಿತ್ತು. 151 ಇರುವಾಗ ಇನ್ನೇಕೆ ಎಂದು ಹೆಡ್ ಆಫೀಸಿನವರು ಮಾಲು ಕಳಿಸಲಿಲ್ಲ. ರೈತರು ಹೆಸರಿಗೆ, ಹತ್ತಿಗೆ ಔಷಧಿ ಹೊಡೆಯುವ ಹೊತ್ತಿನಲ್ಲೇ, ಜುಲೈ 14ಕ್ಕೆ ಗೋಡೌನು ಬರಿದಾಯಿತು. 25 ಸ್ಪ್ರೇಯರುಗಳು ಕಡಿಮೆ ಬಿದ್ದವು.

ಡೀಲರುಗಳ ಫೋನುಗಳಿಗೆ ಉತ್ತರ ಕೊಟ್ಟು ಸುಸ್ತಾದ ಮುಖ್ಯಸ್ಥರು ಅಂದು ಸಂಜೆ ಬರೆಯುವ ಮೇಲ್ ಸಾಮಾನ್ಯವಾಗಿ ಹೀಗಿರುತ್ತದೆ:

“ಕವಿತಾ, ಸ್ಟೇಟ್‌ಮೆಂಟಿನಲ್ಲಿ ಮತ್ತೆ ತಪ್ಪು. ನಿಮಗೆ ಕೆಲಸದ ಮೇಲೆ ಗಮನವೇ ಇಲ್ಲ. ಪ್ರತಿ ಸಲ ಲೇಟು. ಇದರಿಂದ ಕಂಪನಿಗೆ ಬಹಳ ತೊಂದರೆಯಾಗಿದೆ. ನೀವು ಒಳ್ಳೆಯ ಕೆಲಸಗಾರ್ತಿ, ಆದರೆ ಇನ್ನು ಮುಂದೆ ಜಾಗ್ರತೆ ವಹಿಸಿ.”

ಜೊತೆಗೆ ಇನ್ನೂ ಮೂವರಿಗೆ ಸಿಸಿ.

ಕವಿತಾ ಇದನ್ನು ಎಷ್ಟು ಸಲ ಓದಿದರೂ ತಪ್ಪಾಗಿದ್ದು ಯಾವ ಗೋಡೌನಿನ ಯಾವ ಅಂಕಿ ಎಂದು ತಿಳಿಯುವುದಿಲ್ಲ. ‘ಪ್ರತಿ ಸಲ ಲೇಟು’ ಎಂಬುದು ನಿಜವಲ್ಲ. ಏಪ್ರಿಲ್, ಮೇ ಸ್ಟೇಟ್‌ಮೆಂಟುಗಳು ಸಮಯಕ್ಕೇ ಹೋಗಿದ್ದವು. ಅದೊಂದು ಮಾತು ಸುಳ್ಳೆಂದು ಕಂಡ ಕೂಡಲೇ ಉಳಿದ ಮಾತುಗಳೂ ತೂಕ ಕಳೆದುಕೊಳ್ಳುತ್ತವೆ. ಹಳೆಯ ಮೇಲ್‌ಗಳನ್ನು ಹುಡುಕಿ ತೆಗೆದು ವಾದಕ್ಕೆ ಇಳಿಯಬೇಕೆನಿಸುತ್ತದೆ. ಸಿಸಿಯಲ್ಲಿರುವ ಮೂವರ ಮುಂದೆ ಮಾನ ಉಳಿಸಿಕೊಳ್ಳುವ ಚಿಂತೆ ಶುರುವಾದ ಮೇಲೆ ಸ್ಪ್ರೇಯರುಗಳ ಲೆಕ್ಕ ಹಿಂದೆ ಸರಿಯುತ್ತದೆ.

ಹೀಗಾಗುವುದಕ್ಕೆ ಕಾರಣವನ್ನು ಸಂಶೋಧಕರು ಹುಡುಕಿದ್ದಾರೆ. 1996ರಲ್ಲಿ ಅವ್ರಹಾಮ್ ಕ್ಲೂಗರ್ ಮತ್ತು ಏಂಜೆಲೊ ಡೆನಿಸಿ ಎಂಬ ಮನಶ್ಶಾಸ್ತ್ರಜ್ಞರು, ಕೆಲಸದ ಬಗ್ಗೆ ಅಭಿಪ್ರಾಯ ಹೇಳಿದರೆ ಏನಾಗುತ್ತದೆ ಎಂಬ ಹಿಂದಿನ ಅಧ್ಯಯನಗಳ ಆರುನೂರಕ್ಕೂ ಹೆಚ್ಚು ಫಲಿತಾಂಶಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸರಾಸರಿಯಲ್ಲಿ ಕೆಲಸ ಸುಧಾರಿಸಿತ್ತು. ಆದರೆ ಮೂರನೇ ಒಂದು ಪಾಲಿಗಿಂತ ಹೆಚ್ಚು ಕಡೆ ಅಭಿಪ್ರಾಯ ಕೇಳಿದ ಮೇಲೆ ಕೆಲಸ ಮೊದಲಿಗಿಂತ ಕೆಟ್ಟಿತ್ತು. ಗಮನ ಕೆಲಸವನ್ನು ಬಿಟ್ಟು ‘ನಾನು ಎಂಥವಳು’ ಎಂಬುದರ ಕಡೆಗೆ ತಿರುಗಿದಷ್ಟೂ ಪ್ರಯೋಜನ ಕುಗ್ಗುತ್ತದೆ ಎಂಬುದು ಅವರ ವಿವರಣೆ. ‘ಗಮನವೇ ಇಲ್ಲ’ ಎಂಬ ಮಾತು ಮಾಡುವುದು ಅದನ್ನೇ. ‘ಒಳ್ಳೆಯ ಕೆಲಸಗಾರ್ತಿ’ ಎಂಬ ಹೊಗಳಿಕೆಯೂ ಕೆಲಸವನ್ನು ಬಿಟ್ಟು ವ್ಯಕ್ತಿಯನ್ನೇ ಅಳೆಯುತ್ತದೆ.

ಬರವಣಿಗೆಗೆ ಇನ್ನೊಂದು ತೊಡಕಿದೆ. 2005ರಲ್ಲಿ ಜಸ್ಟಿನ್ ಕ್ರೂಗರ್, ನಿಕೊಲಸ್ ಎಪ್ಲಿ ಮತ್ತು ಸಂಗಡಿಗರು ಪ್ರಕಟಿಸಿದ ಪ್ರಯೋಗವೊಂದರಲ್ಲಿ, ಕಾಲೇಜು ವಿದ್ಯಾರ್ಥಿಗಳು ಕೆಲವು ವಾಕ್ಯಗಳನ್ನು ಗಂಭೀರವಾಗಿ, ಕೆಲವನ್ನು ವ್ಯಂಗ್ಯವಾಗಿ ಹೇಳಬೇಕಿತ್ತು. ಶೇ. 78ರಷ್ಟು ಸಲ ಎದುರಿನವರಿಗೆ ಸರಿಯಾಗಿ ತಿಳಿಯುತ್ತದೆ ಎಂದು ಹೇಳಿದವರು ನಂಬಿದ್ದರು. ದನಿಯಲ್ಲಿ ಕೇಳಿದವರು ಶೇ. 73ರಷ್ಟು ಸಲ ಸರಿಯಾಗಿ ಗುರುತಿಸಿದರು. ಇ-ಮೇಲ್‌ನಲ್ಲಿ ಓದಿದವರು ಗುರುತಿಸಿದ್ದು ಶೇ. 56ರಷ್ಟು ಸಲ ಮಾತ್ರ, ಅಂದರೆ ಕಣ್ಣು ಮುಚ್ಚಿ ಊಹಿಸಿದ್ದಕ್ಕಿಂತ ತುಸು ಮೇಲು. ಬರೆಯುವವರಿಗೆ ತಮ್ಮ ದನಿ ಒಳಗೆ ಕೇಳಿಸುತ್ತಿರುತ್ತದೆ, ಓದುವವರಿಗೆ ಅದು ಕೇಳಿಸದು. ಹಾಗಾಗಿ ಮೇಲ್‌ನ ಅರ್ಥ ದನಿಯನ್ನು ಅವಲಂಬಿಸಬಾರದು. ಓದುವವರು ತಾವೇ ತಾಳೆ ನೋಡಬಹುದಾದ ಸಂಗತಿಗಳ ಮೇಲೆ ಅದು ನಿಲ್ಲಬೇಕು.

ಆದ್ದರಿಂದ ಮಂಜುನಾಥರು ಮೇಲ್ ಬರೆಯುವ ಮೊದಲು ಸ್ಟೇಟ್‌ಮೆಂಟನ್ನು ತೆರೆದು ನೋಡಬೇಕು. ಗದಗದ ಸಾಲಿನಲ್ಲಿ ತಿಂಗಳ ಆರಂಭದ ಸ್ಟಾಕ್ 140, ಬಂದದ್ದು 60, ಮಾರಿದ್ದು 85. ಉಳಿಯಬೇಕಾದದ್ದು 115, ಬರೆದಿರುವುದು 151. ವ್ಯತ್ಯಾಸ 36. ಲೆಕ್ಕ ಬರೆಯುವವರಿಗೆ ಇದರ ಸುಳಿವು ಗೊತ್ತು: ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾಗಿದ್ದರೆ ವ್ಯತ್ಯಾಸ ಯಾವಾಗಲೂ 9ರಿಂದ ಭಾಗವಾಗುತ್ತದೆ. 36 ಭಾಗವಾಗುತ್ತದೆ, ಇಲ್ಲಿ 15ರ ಜಾಗದಲ್ಲಿ 51 ಬಿದ್ದಿದೆ.

ಆಮೇಲೆ ಕವಿತಾ ಅವರಿಗೆ ಒಂದು ಫೋನು. “ಗದಗದ ಲೆಕ್ಕ ನಿಮ್ಮ ಕೈಗೆ ಹೇಗೆ ಬರುತ್ತದೆ?” ಎಂದು ಕೇಳಿದರೆ, ಗೋಡೌನಿನವರು ರಿಜಿಸ್ಟರಿನ ಪುಟದ ಫೋಟೊ ತೆಗೆದು ವಾಟ್ಸಾಪಿನಲ್ಲಿ ಕಳಿಸುತ್ತಾರೆ, ಈ ಸಲ ಅದು ಬಂದದ್ದೇ 6ನೇ ತಾರೀಖಿನ ರಾತ್ರಿ ಎಂದು ತಿಳಿಯುತ್ತದೆ. ತಡವಾದದ್ದು ಕವಿತಾ ಅವರಿಂದಲ್ಲ. ಅಂಕಿ ಅದಲುಬದಲಾದದ್ದು ಮಾತ್ರ ಅವರ ಕೈಯಲ್ಲಿ. ಕೇಳದೆ ಬರೆದಿದ್ದರೆ ಎರಡೂ ಅವರ ತಲೆಗೇ ಬರುತ್ತಿತ್ತು. ಕೆಟ್ಟ ಸುದ್ದಿ ಮೊದಲ ಬಾರಿಗೆ ಮೇಲ್‌ನಲ್ಲೇ ಮುಟ್ಟದಂತೆಯೂ ಈ ಫೋನು ನೋಡಿಕೊಳ್ಳುತ್ತದೆ.

ಇಷ್ಟಾದ ಮೇಲೆ, ಜುಲೈ 15ರ ಬೆಳಿಗ್ಗೆ, ಕವಿತಾ ಅವರೊಬ್ಬರಿಗೇ ಹೋಗಬೇಕಾದ ಮೇಲ್ ಹೀಗಿರಬಹುದು:

“ವಿಷಯ: ಜೂನ್ ಸ್ಟಾಕ್ ಸ್ಟೇಟ್‌ಮೆಂಟ್ – ಗದಗ ಗೋಡೌನಿನ ಲೆಕ್ಕ

ಕವಿತಾ ಅವರೇ, ನಮಸ್ಕಾರ.

ನಿನ್ನೆ ಫೋನಿನಲ್ಲಿ ಮಾತಾಡಿದ್ದನ್ನು ಬರೆದಿಡುತ್ತಿದ್ದೇನೆ. ಜೂನ್ ಸ್ಟೇಟ್‌ಮೆಂಟಿನಲ್ಲಿ ಗದಗದ ಉಳಿಕೆ 115 ಆಗಬೇಕಿದ್ದಲ್ಲಿ 151 ಎಂದಾಗಿದೆ (140 + 60 – 85). ಇದನ್ನು ನಂಬಿ ಹೆಡ್ ಆಫೀಸಿನವರು ಮಾಲು ಕಳಿಸಿರಲಿಲ್ಲ. 25 ಸ್ಪ್ರೇಯರುಗಳು ಕಡಿಮೆ ಬಿದ್ದಿವೆ. ಅವು 18ಕ್ಕೆ ಗದಗ ತಲುಪುತ್ತವೆ.

ಮೂರೂ ಗೋಡೌನುಗಳ ಲೆಕ್ಕವನ್ನು ನೀವು ಒಂದೇ ಶೀಟಿಗೆ ತಂದ ಮೇಲೆ ಹೆಡ್ ಆಫೀಸಿನಿಂದ ಪ್ರಶ್ನೆಗಳು ಬರುವುದು ನಿಂತಿದೆ. ಆ ಶೀಟನ್ನು ಅವರು ಮತ್ತೆ ಪರೀಕ್ಷಿಸದೆ ಬಳಸುತ್ತಾರೆ. ಅದಕ್ಕೇ ಕಳಿಸುವ ಮೊದಲೇ ತಪ್ಪು ಸಿಗಬೇಕು.

ನಿಮ್ಮಿಂದ ಆಗಬೇಕಾದದ್ದು: ಶೀಟಿನಲ್ಲಿ ತಾಳೆ ನೋಡುವ ಒಂದು ಕಾಲಂ ಸೇರಿಸಿ. ಸೂತ್ರ ಕೆಳಗಿದೆ. ಪ್ರತಿ ಸಾಲಿನಲ್ಲೂ ಸೊನ್ನೆ ಬಂದರೆ ಮಾತ್ರ ಕಳಿಸಿ. ಜೂನ್ ಅಂಕಿಗಳನ್ನೇ ಹಾಕಿ ನೋಡಿ. ಗದಗದ ಸಾಲಿನಲ್ಲಿ –36 ಬರಬೇಕು. ಆ ಶೀಟನ್ನು 22ರೊಳಗೆ ನನಗೆ ಕಳಿಸಿ. 

ನನ್ನಿಂದ ಆಗಬೇಕಾದದ್ದು: ಗದಗದ ಲೆಕ್ಕ 3ನೇ ತಾರೀಖು ಮಧ್ಯಾಹ್ನದೊಳಗೆ ನಿಮ್ಮ ಕೈ ಸೇರುವಂತೆ ಗೋಡೌನಿನವರೊಂದಿಗೆ ನಾನು ಮಾತಾಡುತ್ತೇನೆ. 4ರ ಬೆಳಿಗ್ಗೆಯವರೆಗೂ ಬಾರದಿದ್ದರೆ ನನಗೆ ಫೋನು ಮಾಡಿ.

ಇದರಲ್ಲಿ ನನಗೆ ತಿಳಿಯದೆ ಹೋದದ್ದು ಏನಾದರೂ ಇದ್ದರೆ, ಅಥವಾ ಇದಕ್ಕಿಂತ ಸುಲಭದ ದಾರಿ ಇದ್ದರೆ ಬರೆಯಿರಿ.

– ಮಂಜುನಾಥ”

ಶೀಟಿನ B, C, D, E ಕಾಲಂಗಳಲ್ಲಿ ಕ್ರಮವಾಗಿ ಆರಂಭದ ಸ್ಟಾಕ್, ಬಂದದ್ದು, ಮಾರಿದ್ದು, ಉಳಿದದ್ದು ಇದ್ದರೆ ಸೂತ್ರ ಇಷ್ಟೇ:

```
=B2+C2-D2-E2
```

ಈ ಮೇಲ್‌ನಲ್ಲಿ ಕವಿತಾ ಅವರ ಸ್ವಭಾವದ ಬಗ್ಗೆ ಒಂದು ಮಾತೂ ಇಲ್ಲ. ಯಾವ ಸಂದರ್ಭ, ಏನಾಯಿತು, ಅದರಿಂದ ಏನು ಪರಿಣಾಮವಾಯಿತು ಎಂಬ ಮೂರು ಸಂಗತಿಗಳು ಮಾತ್ರ ಇವೆ. ಅಮೆರಿಕದ ಸೆಂಟರ್ ಫಾರ್ ಕ್ರಿಯೇಟಿವ್ ಲೀಡರ್‌ಶಿಪ್ ಸಂಸ್ಥೆ ಮುಖ್ಯಸ್ಥರಿಗೆ ಕಲಿಸುವ ಕ್ರಮವೂ ಇದೇ. ಪರಿಣಾಮವನ್ನು ‘ಬಹಳ ತೊಂದರೆ’ ಎಂದು ಉಬ್ಬಿಸಿಲ್ಲ, ಮುಚ್ಚಿಯೂ ಇಲ್ಲ. 25 ಸ್ಪ್ರೇಯರು ಎಂದಾಗ ತಪ್ಪಿನ ಗಾತ್ರ ಇಬ್ಬರಿಗೂ ಒಂದೇ ಆಗಿ ಕಾಣುತ್ತದೆ.

ಸಮತೋಲ ಎಂದರೆ ಎರಡು ಹೊಗಳಿಕೆಗಳ ನಡುವೆ ಒಂದು ತಪ್ಪನ್ನು ಅಡಗಿಸುವುದು ಎಂದು ಹಲವರು ತಿಳಿದಿದ್ದಾರೆ. ಅಂಥ ಮೇಲ್‌ಗಳನ್ನು ನಾಲ್ಕು ಸಲ ಪಡೆದವರು ಹೊಗಳಿಕೆ ಕಂಡೊಡನೆ ‘ಆದರೆ’ ಎಲ್ಲಿದೆ ಎಂದು ಹುಡುಕತೊಡಗುತ್ತಾರೆ. ಇನ್ನು ಕೆಲವರು ಹೊಗಳಿಕೆಯನ್ನಷ್ಟೇ ಓದಿ ತಪ್ಪು ದೊಡ್ಡದಲ್ಲವೆಂದು ನಿರಾಳರಾಗುತ್ತಾರೆ. ಮೇಲಿನ ಮೇಲ್‌ನಲ್ಲಿ ಹೊಗಳಿಕೆ ತಪ್ಪಿಗೆ ಹಚ್ಚಿದ ಸಕ್ಕರೆಯಲ್ಲ. ಶೀಟಿನ ಮೇಲೆ ಎಲ್ಲರಿಗೂ ನಂಬಿಕೆ ಇರುವುದರಿಂದಲೇ ಅದು ತಪ್ಪಬಾರದು ಎನ್ನುವ ಕಾರಣ ಅದು. ಸಮತೋಲದ ಇನ್ನರ್ಧ ನ್ಯಾಯದಲ್ಲಿದೆ: ಕವಿತಾ ಅವರ ಹಿಡಿತದಲ್ಲಿ ಇದ್ದದ್ದು ಯಾವುದು, ಇರದಿದ್ದದ್ದು ಯಾವುದು ಎಂದು ಬೇರೆ ಮಾಡಿ, ಎರಡನೆಯದನ್ನು ಮುಖ್ಯಸ್ಥರು ತಮ್ಮ ಮೇಲೆ ತೆಗೆದುಕೊಂಡಿದ್ದಾರೆ.

ಇನ್ನು ಮಾಡಬೇಕಾದ ಕೆಲಸ. ‘ಜಾಗ್ರತೆ ವಹಿಸಿ’ ಎಂದರೆ ನಾಳೆ ಬೆಳಿಗ್ಗೆ ಆಫೀಸಿಗೆ ಬಂದು ಏನು ಮಾಡಬೇಕು? ರಾತ್ರಿ ಮಸುಕು ಫೋಟೊ ನೋಡಿ ಅಂಕಿ ತುಂಬುವವರು ಎಷ್ಟೇ ಜಾಗ್ರತೆ ವಹಿಸಿದರೂ 15 ಮತ್ತೊಮ್ಮೆ 51 ಆಗಬಹುದು. ಕಾಲಂ ಸೇರಿಸುವುದು ಹಾಗಲ್ಲ: ಯಾರು, ಏನು, ಯಾವಾಗ, ಸರಿಯಾಗಿದೆ ಎಂದು ತಿಳಿಯುವುದು ಹೇಗೆ ಎಂಬ ನಾಲ್ಕಕ್ಕೂ ಅಲ್ಲಿ ಉತ್ತರವಿದೆ. –36 ಬಂದರೆ ಸೂತ್ರ ಸರಿ ಎಂದು ಮುಖ್ಯಸ್ಥರನ್ನು ಕೇಳದೆಯೇ ಕವಿತಾ ಅವರಿಗೆ ಗೊತ್ತಾಗುತ್ತದೆ. ಗೋಡೌನಿನಲ್ಲೇ ಎಣಿಕೆ ತಪ್ಪಿ, ರಿಜಿಸ್ಟರನ್ನು ಅದಕ್ಕೆ ಹೊಂದಿಸಿ ಬರೆದಿದ್ದರೆ ಈ ಕಾಲಂ ಸೊನ್ನೆಯನ್ನೇ ತೋರಿಸುತ್ತದೆ. ಅದನ್ನು ಹಿಡಿಯಲು ಮಾಲನ್ನು ಮತ್ತೆ ಎಣಿಸಬೇಕು. ಆದರೆ ಅದು ಕವಿತಾ ಅವರ ಮೇಲ್‌ನಲ್ಲಿ ಬರಬೇಕಾದ ವಿಷಯವಲ್ಲ. ಒಂದು ಮೇಲ್‌ಗೆ ಒಂದು ತಪ್ಪು, ಅದಕ್ಕೆ ಒಂದೆರಡು ಕೆಲಸ ಸಾಕು. ಹಳೆಯ ಅಸಮಾಧಾನಗಳನ್ನೂ ಸೇರಿಸಿದರೆ ಯಾವುದು ಮುಖ್ಯ ಎಂಬುದೇ ಕಳೆದುಹೋಗುತ್ತದೆ.

ಎಲ್ಲ ತಪ್ಪುಗಳಿಗೂ ಮೇಲ್ ತಕ್ಕ ದಾರಿಯಲ್ಲ. ಅಂಕಿ, ತಾರೀಖು, ಹಂತಗಳಿರುವ ವಿಷಯ ಬರವಣಿಗೆಯಲ್ಲಿ ಚೆನ್ನಾಗಿ ನಿಲ್ಲುತ್ತದೆ. ಸಹೋದ್ಯೋಗಿಗಳ ಜೊತೆ ಒರಟಾಗಿ ಮಾತಾಡುವುದು, ಮೀಟಿಂಗಿನಲ್ಲಿ ಬೇರೆಯವರ ಮಾತು ತಡೆಯುವುದು, ಮೂರು ತಿಂಗಳಿಂದ ಕೆಲಸವೇ ಕುಸಿದಿರುವುದು ಇಂಥವನ್ನು ಎದುರು ಕೂತೇ ಮಾತಾಡಬೇಕು. ಅಲ್ಲಿ ಹೇಳುವುದಕ್ಕಿಂತ ಕೇಳುವುದು ಹೆಚ್ಚಿರುತ್ತದೆ. ಒಪ್ಪಿಕೊಂಡ ಅಂಶಗಳನ್ನು ಆಮೇಲೆ ಮೇಲ್‌ನಲ್ಲಿ ಬರೆದರೆ ಸಾಕು.

ಮೇಲ್ ಕೆಲಸ ಮಾಡಿತೋ ಇಲ್ಲವೋ ಎಂಬುದು ಬಂದ ಉತ್ತರದಲ್ಲಿ ತಿಳಿಯುತ್ತದೆ. “ಸಾರಿ ಸರ್, ಇನ್ನೊಮ್ಮೆ ಹೀಗಾಗಲ್ಲ” ಎಂದಷ್ಟೇ ಬಂದರೆ ಅದನ್ನು ಯಶಸ್ಸೆಂದು ಎಣಿಸಬಾರದು. ಅದು ಬೈಗುಳಕ್ಕೆ ಕೊಡುವ ಉತ್ತರ. ಕೆಲಸದ ಮಾತು ಅದರಲ್ಲಿಲ್ಲ. ಆಗ ಫೋನು ಮಾಡಿ, ಕಾಲಂ ಸೇರಿಸುವುದರಲ್ಲಿ ತೊಡಕೇನಾದರೂ ಇದೆಯೇ ಎಂದು ಕೇಳಬೇಕು. “ಹಾವೇರಿಯಲ್ಲಿ ಡೀಲರುಗಳಿಂದ ವಾಪಸು ಬಂದ ಮಾಲನ್ನು ಬೇರೆಯಾಗಿ ಬರೆಯುತ್ತಾರೆ, ಅದನ್ನು ಯಾವ ಕಾಲಂನಲ್ಲಿ ಹಾಕಲಿ?” ಎಂಬ ಉತ್ತರ ಬಂದರೆ ಮೇಲ್ ಗುರಿ ಮುಟ್ಟಿದೆ. ಕವಿತಾ ಅವರು ಶೀಟನ್ನು ತೆರೆದಿದ್ದಾರೆ, ಬರೆದವರಿಗೆ ಹೊಳೆಯದಿದ್ದ ತೊಡಕೊಂದನ್ನು ಕಂಡಿದ್ದಾರೆ.

ಆಗಸ್ಟ್ 5ಕ್ಕೆ ಜುಲೈ ಸ್ಟೇಟ್‌ಮೆಂಟ್ ಬಂದಾಗ ಮಂಜುನಾಥರು ತಾಳೆ ಕಾಲಂ ನೋಡಿ, ಅದೇ ಮೇಲ್‌ಗೆ ಉತ್ತರವಾಗಿ ಒಂದು ಸಾಲು ಬರೆಯಬೇಕು: “ಎಲ್ಲ ಸಾಲಿನಲ್ಲೂ ಸೊನ್ನೆ ಇದೆ, 5ಕ್ಕೇ ಹೋಗಿದೆ. ಜೂನ್ ವಿಷಯ ಇಲ್ಲಿಗೆ ಮುಗಿಯಿತು.” ತಪ್ಪನ್ನು ಬರವಣಿಗೆಯಲ್ಲಿ ದಾಖಲಿಸಿದವರು ಅದು ಸರಿಹೋದದ್ದನ್ನೂ ಅಲ್ಲೇ ದಾಖಲಿಸಬೇಕು. ಮುಂದೆ ಯಾರೇ ಆ ಮೇಲ್‌ಗಳನ್ನು ತೆರೆದು ಓದಿದರೂ ತಪ್ಪಿನ ಜೊತೆಗೆ ಅದನ್ನು ಸರಿಪಡಿಸಿದವರ ಕೆಲಸವೂ ಅವರಿಗೆ ಕಾಣಬೇಕು.