ಬಾಯಿ ತಪ್ಪಿದ ಕಡೆ ಗೆರೆ ಎಳೆಯಿರಿ

ತಾವೇ ಬರೆದ ಲೇಖನವನ್ನು ಕಣ್ಣಲ್ಲಿ ತಿದ್ದುವವರು ಹಾಳೆಯ ಮೇಲಿರುವುದನ್ನು ಪೂರ್ತಿ ಓದುವುದಿಲ್ಲ. ಮುಂದಿನ ಮಾತು ಏನೆಂದು ಮೊದಲೇ ಗೊತ್ತಿರುವುದರಿಂದ ಕಣ್ಣು ಅರ್ಧ ನೋಡಿ ಮುಂದಕ್ಕೆ ಹೋಗಿಬಿಡುತ್ತದೆ. ದನಿಯೆತ್ತಿ ಓದುವಾಗ ಬಾಯಿಗೆ ಹಾಗೆ ಹಾರಿಕೊಂಡು ಹೋಗಲು ಬರುವುದಿಲ್ಲ. ಒಂದೊಂದು ಪದವನ್ನೂ ಉಚ್ಚರಿಸಬೇಕು, ಎಲ್ಲಿ ಉಸಿರೆಳೆದುಕೊಳ್ಳುವುದು, ಯಾವ ಪದಕ್ಕೆ ಒತ್ತು ಕೊಡುವುದು ಎಂದು ಆಗಿಂದಾಗಲೇ ತೀರ್ಮಾನಿಸಬೇಕು. ಬರಹದ ದೋಷ ಹೊರಬೀಳುವುದು ಆ ತೀರ್ಮಾನ ಕಷ್ಟವಾದ ಕಡೆಯಲ್ಲಿ.

ಬರೆದ ದಿನವೇ ಓದಿದರೆ ಪ್ರಯೋಜನ ಕಡಿಮೆ. ಒಂದು ರಾತ್ರಿಯಾದರೂ ಬಿಟ್ಟು, ಸಾಧ್ಯವಾದರೆ ಮುದ್ರಿಸಿಕೊಂಡು, ಕೈಯಲ್ಲಿ ಪೆನ್ಸಿಲ್ ಹಿಡಿದು ಕೂರಬೇಕು. ಎಂಟುನೂರು ಪದದ ಲೇಖನಕ್ಕೆ ಎಂಟು ಹತ್ತು ನಿಮಿಷ ಸಾಕು. ದನಿ ಎದುರು ಕುಳಿತವರಿಗೆ ಕೇಳುವಷ್ಟಿರಲಿ, ಪಿಸುಗುಟ್ಟಿದರೆ ಉಸಿರಿನ ತೊಂದರೆ ಗೊತ್ತಾಗುವುದಿಲ್ಲ. ಮುಖ್ಯವಾಗಿ, ಓದುತ್ತಾ ತಿದ್ದಬಾರದು. ನಾಲಿಗೆ ತೊಡರಿದ ಕಡೆ ಒಂದು ಗೆರೆ ಎಳೆದು ಮುಂದಕ್ಕೆ ಹೋಗಬೇಕು. ನಿಂತು ತಿದ್ದಲು ಹೋದರೆ ಓಟ ಕಡಿದುಹೋಗುತ್ತದೆ, ವಾಕ್ಯದಿಂದ ವಾಕ್ಯಕ್ಕೆ ದಾಟುವ ಜಾಗದ ತಪ್ಪುಗಳು ತಪ್ಪಿಸಿಕೊಳ್ಳುತ್ತವೆ.

ತೊಡರುವುದಕ್ಕಿಂತ ದೊಡ್ಡ ಸುಳಿವು ಇನ್ನೊಂದಿದೆ. ಹಾಳೆಯಲ್ಲಿ ಒಂದು ಇರುತ್ತದೆ, ಬಾಯಿ ಇನ್ನೊಂದು ಹೇಳಿಬಿಡುತ್ತದೆ. ಓದುವವರಿಗೆ ಇದು ಗೊತ್ತೇ ಆಗದಿರಬಹುದು. ಅದಕ್ಕೇ ಫೋನಿನಲ್ಲಿ ರೆಕಾರ್ಡ್ ಮಾಡಿಕೊಂಡು, ಹಾಳೆಯ ಮೇಲೆ ಬೆರಳಿಟ್ಟು ಕೇಳಿಸಿಕೊಳ್ಳುವುದು ಒಳ್ಳೆಯದು. ‘ಮಾಡುತ್ತಾರೆ’ ಎಂದು ಬರೆದದ್ದನ್ನು ‘ಮಾಡ್ತಾರೆ’ ಎಂದು ಓದಿದ್ದರೆ ಲೆಕ್ಕಕ್ಕೆ ತೆಗೆದುಕೊಳ್ಳಬೇಡಿ, ಕನ್ನಡದಲ್ಲಿ ಆಡುವಾಗ ಸ್ವರ ಬಿದ್ದುಹೋಗುವುದು ಸಹಜ. ಆದರೆ ಪದವೇ ಬದಲಾಗಿದ್ದರೆ, ಹಿಂದಿನದು ಮುಂದಾಗಿದ್ದರೆ, ಒಂದು ಪದ ಬಿಟ್ಟುಹೋಗಿದ್ದರೆ ಅಲ್ಲಿ ನಿಲ್ಲಬೇಕು. ಬಹಳ ಸಲ ಬಾಯಿ ಹೇಳಿದ್ದೇ ಸರಿಯಾಗಿರುತ್ತದೆ.

ವಾರದ ಸಂತೆಯ ಬಗ್ಗೆ ಬರೆದ ಲೇಖನದ ಮೊದಲ ಕರಡು ಹೀಗಿದೆ ಎಂದುಕೊಳ್ಳೋಣ:

“ಪ್ರತಿ ಮಂಗಳವಾರ ನಡೆಯುವ ಈ ಸಂತೆಯು ಗ್ರಾಮೀಣ ಬದುಕಿನಲ್ಲಿ ಒಂದು ಮಹತ್ವದ ಪಾತ್ರವನ್ನು ವಹಿಸುತ್ತದೆ. ಸುತ್ತಲಿನ ಹಳ್ಳಿಗಳಿಂದ ಬರುವ ರೈತರಿಂದ ಬೆಳೆಯಲ್ಪಟ್ಟ ತರಕಾರಿಗಳನ್ನು ಇಲ್ಲಿ ಮಾರಾಟ ಮಾಡಲಾಗುತ್ತದೆ. 60 ವರ್ಷದ ಅಜ್ಜಿಯೊಬ್ಬರು 30 ವರ್ಷಗಳಿಂದ ಇಲ್ಲಿ ಸೊಪ್ಪು ಮಾರಾಟ ಮಾಡುತ್ತಿದ್ದಾರೆ. ‘ಸಂತೆಯು ನನ್ನ ಜೀವನದ ಅವಿಭಾಜ್ಯ ಅಂಗವಾಗಿದೆ’ ಎಂದು ಅವರು ಹೇಳುತ್ತಾರೆ.”

ಕಣ್ಣಿಗೆ ಇದರಲ್ಲಿ ತಪ್ಪೇನೂ ಕಾಣದು. ದನಿಯೆತ್ತಿ ಓದಿದರೆ ಮೊದಲ ವಾಕ್ಯವನ್ನು ನಾಲಿಗೆ ಅವಸರದಲ್ಲಿ ಮುಗಿಸಿಬಿಡುತ್ತದೆ. ಒತ್ತು ಕೊಡಲು ಅಲ್ಲಿ ಒಂದು ಪದವೂ ಸಿಗುವುದಿಲ್ಲ. ‘ಸಂತೆ’ ತೆಗೆದು ‘ಗ್ರಂಥಾಲಯ’ ಹಾಕಿದರೂ, ‘ಹಾಲಿನ ಡೇರಿ’ ಹಾಕಿದರೂ ಆ ವಾಕ್ಯ ಹಾಗೇ ನಿಲ್ಲುತ್ತದೆ. ಪಾತ್ರ ವಹಿಸುವುದು ಇಂಗ್ಲಿಷಿನಿಂದ ಇಳಿದುಬಂದ ಮಾತು, ಸಂತೆಗೆ ಹೋಗಿಬಂದವರು ಯಾರೂ ಮನೆಯಲ್ಲಿ ಹಾಗೆ ಹೇಳುವುದಿಲ್ಲ. ಮುಂದೆ ಬರುವ ವಿವರವೇ ಆ ಮಹತ್ವವನ್ನು ತೋರಿಸುವುದರಿಂದ ಇದನ್ನು ಪೂರ್ತಿ ತೆಗೆಯಬಹುದು.

ಎರಡನೆಯದರಲ್ಲಿ ‘ಹಳ್ಳಿಗಳಿಂದ’, ‘ರೈತರಿಂದ’ ಎಂಬ ಎರಡು ‘ಇಂದ’ಗಳು ಒಂದರ ಬೆನ್ನಿಗೊಂದು ಬಂದು ಬಾಯಿ ತಡವರಿಸುತ್ತದೆ. ರೆಕಾರ್ಡ್ ಕೇಳಿದರೆ ‘ರೈತರು ಬೆಳೆದ’ ಎಂದು ಓದಿರುವ ಸಾಧ್ಯತೆಯೇ ಹೆಚ್ಚು. ‘ಮಾಡಲಾಗುತ್ತದೆ’ ಎಂಬ ರೂಪ ಎಲ್ಲ ಕಡೆಯೂ ತಪ್ಪಲ್ಲ. ಕಚೇರಿಯ ಪ್ರಕಟಣೆಯಲ್ಲಿ, ಮಾಡುವವರು ಯಾರು ಎಂಬುದು ಬೇಡವಾದ ಕಡೆ, ಅದು ಸರಿಯಾಗಿ ಕೂರುತ್ತದೆ. ಇಲ್ಲಿ ಮಾರುವವರು ಕಣ್ಣೆದುರೇ ಕುಳಿತಿರುವಾಗ ಅವರನ್ನು ವಾಕ್ಯದಿಂದ ಹೊರಗಿಡುವುದೇಕೆ?

ಅಜ್ಜಿಯ ಮಾತು ಓದುವಾಗ ದನಿ ತಾನಾಗಿ ಭಾಷಣದ ಧಾಟಿಗೆ ಏರುತ್ತದೆ. ಅಪಸ್ವರವೆಂದರೆ ಇದೇ. ಸೊಪ್ಪು ಮಾರುವ ಅಜ್ಜಿಯ ಬಾಯಲ್ಲಿ ‘ಅವಿಭಾಜ್ಯ ಅಂಗ’ ಬಂದಿರಲಾರದು. ಹಾಗೆಂದು ಹಳ್ಳಿಯ ಧಾಟಿಯಲ್ಲಿ ಚೆಂದದ ಮಾತೊಂದನ್ನು ಕಟ್ಟಿ ಅವರ ಬಾಯಿಗೆ ತುರುಕುವುದು ಇನ್ನೂ ದೊಡ್ಡ ತಪ್ಪು. ನೋಟ್‌ಬುಕ್ಕಿಗೆ ಮರಳಬೇಕು. ಅಲ್ಲಿ “ಮಂಗ್ಳಾರ ಕೋಳಿ ಕೂಗೋಕ್ ಮುಂಚೆ ಎದ್ದು ಸೊಪ್ಪು ಕಟ್ತೀನಿ ಕಣಪ್ಪ, ಸಂತೆ ಇಲ್ದಿದ್ರೆ ಮನೆ ನಡೆಯಲ್ಲ” ಎಂದಿದ್ದರೆ ಅದನ್ನೇ ಬರೆಯಬೇಕು. ಅವರ ಮಾತು ಗುರುತು ಹಾಕಿಕೊಂಡಿಲ್ಲವಾದರೆ ಉದ್ಧರಣ ಚಿಹ್ನೆ ತೆಗೆದು, ಅವರು ಹೇಳಿದ ವಿಷಯವನ್ನಷ್ಟೇ ನಮ್ಮ ಮಾತಿನಲ್ಲಿ ಹೇಳಬೇಕು.

ಕರಡು ಯಾಕೆ ಚಪ್ಪಟೆಯಾಗಿ ಕೇಳಿಸಿತು ಎಂದು ತಿಳಿಯಲು ಪ್ರತಿ ವಾಕ್ಯದ ಕೊನೆಯ ಪದವನ್ನಷ್ಟೇ ಸಾಲಾಗಿ ಓದಿ ನೋಡಿ: ವಹಿಸುತ್ತದೆ, ಮಾಡಲಾಗುತ್ತದೆ, ಮಾಡುತ್ತಿದ್ದಾರೆ, ಹೇಳುತ್ತಾರೆ. ಕನ್ನಡದಲ್ಲಿ ಕ್ರಿಯಾಪದ ಸಾಮಾನ್ಯವಾಗಿ ವಾಕ್ಯದ ಕೊನೆಗೇ ಬರುವುದರಿಂದ ಈ ಏಕತಾನ ನಮ್ಮ ಗದ್ಯವನ್ನು ಬೇಗ ಹಿಡಿದುಕೊಳ್ಳುತ್ತದೆ. ಬಿಡಿಸಿಕೊಳ್ಳುವ ದಾರಿಗಳೂ ಭಾಷೆಯಲ್ಲೇ ಇವೆ. ಎರಡು ವಾಕ್ಯವನ್ನು ‘ತಂದು’, ‘ಎದ್ದು’ ಎಂದು ಹೆಣೆಯಬಹುದು. ಕ್ರಿಯಾಪದವೇ ಇಲ್ಲದ ವಾಕ್ಯವನ್ನು ನಡುವೆ ಇಡಬಹುದು. ತಿದ್ದಿದ ಮೇಲೆ ಹೀಗಾಗಬಹುದು:

“ಮಂಗಳವಾರದ ಸಂತೆಗೆ ಸುತ್ತಲಿನ ಹಳ್ಳಿಗಳ ರೈತರು ತಾವು ಬೆಳೆದ ತರಕಾರಿ ತಂದು ಮಾರುತ್ತಾರೆ. ಸೊಪ್ಪು ಮಾರುವ ಅಜ್ಜಿಗೆ ಈಗ 60. ಮೊದಲ ಸಲ ಇಲ್ಲಿ ಬುಟ್ಟಿ ಇಳಿಸಿದಾಗ 30. ‘ಮಂಗ್ಳಾರ ಕೋಳಿ ಕೂಗೋಕ್ ಮುಂಚೆ ಎದ್ದು ಸೊಪ್ಪು ಕಟ್ತೀನಿ ಕಣಪ್ಪ,’ ಅನ್ನುತ್ತಾರೆ, ‘ಸಂತೆ ಇಲ್ದಿದ್ರೆ ಮನೆ ನಡೆಯಲ್ಲ.’”

‘ಪಾತ್ರ ವಹಿಸುವುದು’ ಸಾಲ ತಂದ ಮಾತು, ಆದರೆ ಸಾಲವೆಲ್ಲ ಇಂಗ್ಲಿಷಿನದೇ ಆಗಿರಬೇಕಿಲ್ಲ. ಮೆಚ್ಚಿನ ಲೇಖಕರನ್ನು ವಾರವಿಡೀ ಓದಿ ಬರೆಯಲು ಕುಳಿತರೆ ಅವರ ಲಯ ನಮ್ಮ ವಾಕ್ಯದೊಳಕ್ಕೆ ಇಳಿದಿರುತ್ತದೆ. ಕಣ್ಣು ಅದನ್ನು ಚೆಲುವೆಂದೇ ತಿಳಿಯುತ್ತದೆ. ಓದುವಾಗ ನಮ್ಮ ದನಿ ನಮ್ಮದಲ್ಲದಂತೆ ಕೇಳಿದರೆ ಆ ಕಡೆಗೂ ಒಂದು ಗೆರೆ ಬೀಳಬೇಕು. ಈ ಬಗೆಯ ಸಾಲವನ್ನು ಹಿಡಿಯುವುದೇ ಹೆಚ್ಚು ಕಷ್ಟ ಎಂಬುದು ನನ್ನ ಅಭಿಪ್ರಾಯ.

ಓದುವ ದನಿಯೇ ಮೋಸ ಮಾಡುವುದೂ ಉಂಟು. ಫ್ರಾನ್ಸಿನ ಕಾದಂಬರಿಕಾರ ಗುಸ್ತಾವ್ ಫ್ಲೋಬೇರ್ ಕ್ರ್ವಾಸೆಯ ತನ್ನ ಮನೆಯಲ್ಲಿ ವಾಕ್ಯಗಳನ್ನು ಕೂಗಿ ಓದಿ ಪರೀಕ್ಷಿಸುತ್ತಿದ್ದ. ಕೆಟ್ಟ ವಾಕ್ಯ ಓದಿದರೆ ಎದೆ ಹಿಡಿಯುತ್ತದೆ ಎಂಬುದು ಅವನ ನಂಬಿಕೆ. ಅಂಥವನೇ 1849ರಲ್ಲಿ ಸಂತ ಆಂಟನಿಯ ಬಗೆಗಿನ ತನ್ನ ಹಸ್ತಪ್ರತಿಯನ್ನು ಗೆಳೆಯರಾದ ಬುಯಿಲೆ ಮತ್ತು ದ್ಯು ಕಾಂ ಎದುರು ನಾಲ್ಕು ದಿನ, ದಿನಕ್ಕೆ ಎಂಟು ಗಂಟೆಯಂತೆ ಉತ್ಸಾಹದಿಂದ ಓದಿದ. ಕೇಳಿ ಮುಗಿಸಿದ ಗೆಳೆಯರು, ಅದನ್ನು ಬೆಂಕಿಗೆ ಹಾಕು, ಮತ್ತೆ ಆ ಮಾತೆತ್ತಬೇಡ ಎಂದರು. ಬರೆದವರು ಭಾವ ತುಂಬಿ ಓದಿದರೆ ಬರಹದಲ್ಲಿಲ್ಲದ ಜೀವವನ್ನು ದನಿ ಕೊಟ್ಟುಬಿಡುತ್ತದೆ. ಆದ್ದರಿಂದ ರಾಗ, ಅಭಿನಯ ಬಿಟ್ಟು ಸಪ್ಪೆಯಾಗಿ ಓದಬೇಕು.

ಅದಕ್ಕಿಂತ ಒಳ್ಳೆಯದು, ಲೇಖನವನ್ನು ಹಿಂದೆ ನೋಡಿಯೇ ಇಲ್ಲದ ಒಬ್ಬರ ಕೈಗೆ ಕೊಟ್ಟು ಓದಿಸುವುದು. ಮನೆಯವರಾದರೂ ಸರಿ. ನಮಗೆ ಗೊತ್ತಿರುವ ಒತ್ತು ಅವರಿಗೆ ಗೊತ್ತಿರುವುದಿಲ್ಲ, ಹಾಳೆಯಲ್ಲಿ ಇರುವಷ್ಟೇ ಅವರಿಗೆ ಸಿಗುತ್ತದೆ. ಅವರು ಒಂದು ವಾಕ್ಯವನ್ನು ಅರ್ಧಕ್ಕೆ ನಿಲ್ಲಿಸಿ ಮೊದಲಿಂದ ಓದಿದರೆ, ಅಲ್ಲಿನ ಯಾವುದೋ ನಾಮಪದದ ಹಿಂದೆ ವಿಶೇಷಣಗಳು ಮಿತಿಮೀರಿ ಪೇರಿಸಿಕೊಂಡಿವೆ ಎಂದೇ ಸಾಮಾನ್ಯವಾಗಿ ಅರ್ಥ. ಆಗ ಬಾಯಿ ಹಾಕಿ ವಿವರಿಸಬಾರದು, ಗೆರೆ ಎಳೆದು ಸುಮ್ಮನಿರಬೇಕು.

ದನಿಯೆತ್ತಿ ಓದುವ ಈ ಬಲೆಗೆ ಬೀಳದ ತಪ್ಪುಗಳೂ ಇವೆ. ಇಸವಿ, ಹೆಸರು, ಅಂಕಿಅಂಶ ತಪ್ಪಾಗಿದ್ದರೂ ಬಾಯಿ ಸಲೀಸಾಗಿ ಓದುತ್ತದೆ. ಮಾತಿನಲ್ಲಿ ಮಹಾಪ್ರಾಣ ಬಿಡುವವರಿಗೆ ‘ಧನ’, ‘ದನ’ ಎರಡೂ ಒಂದೇ ಆಗಿ ಕೇಳುತ್ತವೆ. ಮೂರನೇ ಪುಟದಲ್ಲಿ ಹೇಳಬೇಕಾದ್ದು ಮೊದಲ ಪುಟದಲ್ಲಿದ್ದರೆ ಅದೂ ಕಿವಿಗೆ ತಾಗದೆ ಹೋಗಬಹುದು. ಹಾಗಾಗಿ ಮೊದಲು ವಿಷಯದ ಕ್ರಮ ಸರಿಮಾಡಿಕೊಂಡು, ಆಮೇಲೆ ದನಿಯೆತ್ತಿ ಓದಿ, ಕಾಗುಣಿತ ಮತ್ತು ಅಂಕಿಗಳನ್ನು ಕಡೆಯಲ್ಲಿ ಕಣ್ಣಿಗೆ ಬಿಡುವುದು ಸರಿಯಾದ ಸರದಿ.