ಚೆಂಡೆಗೆ ಕೋಲು ಬಿದ್ದದ್ದು ಒಂದು ಕ್ಷಣ, ಸದ್ದು ಬಂದದ್ದು ಇನ್ನೊಂದು ಕ್ಷಣ

ಕುಂದಾಪುರದ ಕಡೆಯ ಒಂದು ಊರಿನಲ್ಲಿ ರಾತ್ರಿ ಬಯಲಾಟ ಎಂದಿಟ್ಟುಕೊಳ್ಳಿ. ಊರಿನ ಹುಡುಗನೊಬ್ಬ ಮುಂದಿನ ಸಾಲಿನಲ್ಲಿ ಟ್ರೈಪಾಡ್ ನಿಲ್ಲಿಸಿ, ಫೋನಿನಲ್ಲಿ ಇಪ್ಪತ್ತು ನಿಮಿಷದ ಒಂದು ತುಣುಕನ್ನು ಚಿತ್ರೀಕರಿಸಿದ್ದಾನೆ. ನಡುವೆ ಒಮ್ಮೆ ಕರೆಂಟು ಹೋಗಿದೆ. ಜನರೇಟರ್ ಶುರುವಾಗುವವರೆಗೆ ಇಪ್ಪತ್ತು ಸೆಕೆಂಡು, ಯಾರೋ ಹಿಡಿದ ಟಾರ್ಚಿನ ಬೆಳಕಿನಲ್ಲೇ ವೇಷಧಾರಿ ಕುಣಿದಿದ್ದಾನೆ. ಚೆಂಡೆಯೂ ನಿಂತಿಲ್ಲ, ಭಾಗವತರೂ ನಿಲ್ಲಿಸಿಲ್ಲ.

ಮನೆಗೆ ಬಂದು ಫೋನಿನಲ್ಲೇ ನೋಡಿದರೆ ಎಲ್ಲ ಸರಿಯಾಗಿದೆ. ಕಂಪ್ಯೂಟರಿನ ಎಡಿಟಿಂಗ್ ಸಾಫ್ಟ್‌ವೇರ್‌ಗೆ ಹಾಕಿದಾಗಲೂ ಮೊದಲ ಎಂಟು ನಿಮಿಷ ಚೆನ್ನಾಗಿಯೇ ಇದೆ. ಕರೆಂಟು ಹೋಗಿ ಬಂದ ಮೇಲಿನ ಭಾಗದಲ್ಲಿ ಮಾತ್ರ ಕೋಲು ಚೆಂಡೆಗೆ ಬೀಳುವುದು ಈಗ, ಸದ್ದು ಕೇಳುವುದು ನಾಲ್ಕು ಸೆಕೆಂಡು ಬಿಟ್ಟು. ವೇಷಧಾರಿ ಅರ್ಥ ಹೇಳಿ ಬಾಯಿ ಮುಚ್ಚಿದ ಮೇಲೆ ಮಾತು ಶುರುವಾಗುತ್ತದೆ. ಹುಡುಗ ಸಾಫ್ಟ್‌ವೇರ್‌ ಅನ್ನು ಬೈಯುತ್ತಾನೆ, ಕಂಪ್ಯೂಟರ್ ಹಳೆಯದಾಯಿತು ಅನ್ನುತ್ತಾನೆ. ತಪ್ಪು ಎರಡರದ್ದೂ ಅಲ್ಲ.

ವಿಡಿಯೊ ಎಂದರೆ ಒಂದರ ಹಿಂದೊಂದು ಬರುವ ಸ್ಥಿರಚಿತ್ರಗಳು, ಅಂದರೆ ಫ್ರೇಮುಗಳು. ‘ಸೆಕೆಂಡಿಗೆ 30’ ಎಂದು ಫೋನಿನ ಪರದೆ ತೋರಿಸುವುದು ಅದರ ಗುರಿಯನ್ನೇ ಹೊರತು ವಾಗ್ದಾನವನ್ನಲ್ಲ. ಬೆಳಕು ಕಡಿಮೆಯಾದಾಗ ಪ್ರತಿ ಫ್ರೇಮಿಗೂ ಹೆಚ್ಚು ಹೊತ್ತು ಬೆಳಕು ಕುಡಿಸಬೇಕಾಗುತ್ತದೆ. ಹಾಗೆ ಹೊತ್ತು ಕೊಟ್ಟರೆ ಸೆಕೆಂಡಿಗೆ ಮೂವತ್ತು ಫ್ರೇಮು ಹಿಡಿಸುವುದಿಲ್ಲ. ಫೋನು ಸದ್ದಿಲ್ಲದೆ 24ಕ್ಕೆ ಇಳಿಯುತ್ತದೆ. ಐಫೋನಿನಲ್ಲಿ ಇದಕ್ಕೆ `Auto FPS` ಎಂಬ ಹೆಸರೇ ಇದೆ. ಫೋನು ಕಾದು ಬಿಸಿಯಾದರೂ, ಬೇರೆ ಕೆಲಸಗಳ ಒತ್ತಡ ಬಿದ್ದರೂ ಫ್ರೇಮುಗಳು ತಪ್ಪಬಹುದು. ಹೀಗೆ ಏರಿಳಿಯುವ ಗತಿಗೆ ವೇರಿಯಬಲ್ ಫ್ರೇಮ್ ರೇಟ್ ಎನ್ನುತ್ತಾರೆ. ಏರಿಳಿತವಿಲ್ಲದ್ದು ಕಾನ್‌ಸ್ಟಂಟ್ ಫ್ರೇಮ್ ರೇಟ್.

ಧ್ವನಿಗೆ ಈ ಚಂಚಲತೆ ಇಲ್ಲ. ಸೆಕೆಂಡಿಗೆ 48,000 ಬಾರಿ ಅಳೆಯುವುದು ಎಂದರೆ ಕತ್ತಲಾದರೂ ಬೆಳಕಾದರೂ ಅಷ್ಟೇ. ಹಾಗಾದರೆ ಫೋನಿನಲ್ಲಿ ನೋಡುವಾಗ ಎರಡೂ ಹೇಗೆ ಹೊಂದಿಕೊಂಡವು? ಫೈಲಿನೊಳಗೆ ಪ್ರತಿ ಫ್ರೇಮಿಗೂ ಅದು ಯಾವ ಕ್ಷಣದಲ್ಲಿ ಕಾಣಿಸಬೇಕೆಂಬ ಚೀಟಿ ಅಂಟಿಸಿರುತ್ತದೆ. ಪ್ಲೇಯರ್ ಆ ಚೀಟಿ ಓದಿ ನಡೆಯುತ್ತದೆ. ಎಡಿಟಿಂಗ್ ಸಾಫ್ಟ್‌ವೇರ್‌ನ ಟೈಮ್‌ಲೈನ್ ಮಾತ್ರ ಸಮನಾದ ಮನೆಗಳ ಪಟ್ಟಿ, ಸೆಕೆಂಡಿಗೆ ಮೂವತ್ತು ಮನೆ. ಚೀಟಿಯನ್ನು ಲೆಕ್ಕಿಸದ ಸಾಫ್ಟ್‌ವೇರ್ ಮನೆಗೊಂದರಂತೆ ಫ್ರೇಮುಗಳನ್ನು ಸಾಲಾಗಿ ಕೂರಿಸಿಬಿಡುತ್ತದೆ. ಈಚಿನ ಕೆಲವು ಸಾಫ್ಟ್‌ವೇರ್‌ಗಳು ಚೀಟಿ ಓದಲು ಕಲಿತಿವೆಯಾದರೂ ಉದ್ದದ ಫೈಲುಗಳಲ್ಲಿ ಅವನ್ನು ಪೂರ್ತಿ ನಂಬಿ ಕೂರುವಂತಿಲ್ಲ.

ಬಯಲಾಟದ ಲೆಕ್ಕ ಹಾಕಿ ನೋಡೋಣ. ಇಪ್ಪತ್ತು ನಿಮಿಷ ಎಂದರೆ 1200 ಸೆಕೆಂಡು. ಸೆಕೆಂಡಿಗೆ 30ರಂತೆ 36,000 ಫ್ರೇಮು ಇರಬೇಕಿತ್ತು. ಕತ್ತಲೆಯ 20 ಸೆಕೆಂಡಿನಲ್ಲಿ ಫೋನು ಸೆಕೆಂಡಿಗೆ 24ರಂತೆ ಹಿಡಿದದ್ದರಿಂದ ಅಲ್ಲಿ 600ರ ಬದಲು 480 ಫ್ರೇಮುಗಳಷ್ಟೇ ಇವೆ. ಕೊರತೆ 120. ಉಳಿದ 35,880 ಫ್ರೇಮುಗಳನ್ನು 30ರಂತೆ ಜೋಡಿಸಿದರೆ ಚಿತ್ರ 1196 ಸೆಕೆಂಡಿಗೇ ಮುಗಿಯುತ್ತದೆ, ಧ್ವನಿ 1200 ಸೆಕೆಂಡು ಓಡುತ್ತದೆ. ಹುಡುಗನ ನಾಲ್ಕು ಸೆಕೆಂಡು ಕಳೆದುಹೋದದ್ದು ಇಲ್ಲಿ. ಇಡೀ ತುಣುಕಿನಲ್ಲಿ ದೋಷ ಹುಟ್ಟಿದ್ದು ಆ ಇಪ್ಪತ್ತು ಸೆಕೆಂಡಿನಲ್ಲಿ ಮಾತ್ರ. ಆಮೇಲಿನ ಹನ್ನೊಂದು ನಿಮಿಷ ನಲವತ್ತು ಸೆಕೆಂಡು ಅದನ್ನು ಹೊತ್ತುಕೊಂಡು ಹೋಗುತ್ತದೆ, ಅಷ್ಟೆ.

ಹೆಚ್ಚಿನವರು ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಧ್ವನಿ ನಾಲ್ಕು ಸೆಕೆಂಡು ಉದ್ದವಾಗಿದೆ ಎಂದು ಕಂಡಕೂಡಲೇ ಚಿತ್ರವನ್ನು ಎಳೆದು 1200ಕ್ಕೆ ಹಿಗ್ಗಿಸುತ್ತಾರೆ. ಕೆಲವು ಸಾಫ್ಟ್‌ವೇರ್‌ಗಳೇ ಸರಾಸರಿ ಗತಿ ಹಿಡಿದು, ಈ ಲೆಕ್ಕದಲ್ಲಿ 29.9ರಂತೆ, ಈ ಕೆಲಸವನ್ನು ತಾವಾಗಿ ಮಾಡಿಬಿಡುವುದೂ ಉಂಟು. ಆಗ ಆರಂಭ ಹೊಂದುತ್ತದೆ, ಕೊನೆಯೂ ಹೊಂದುತ್ತದೆ. ‘ಸರಿಯಾಯಿತು’ ಎಂದುಕೊಂಡು ನಡುವೆ ಎಲ್ಲಾದರೂ ನಿಲ್ಲಿಸಿ ನೋಡಿದರೆ ಎಂಟನೆಯ ನಿಮಿಷದ ಹೊತ್ತಿಗೆ ಚಿತ್ರ 1.6 ಸೆಕೆಂಡು ಹಿಂದೆ ಬಿದ್ದಿರುತ್ತದೆ: ಸದ್ದು ಮೊದಲು, ಕೋಲು ಆಮೇಲೆ. ಕರೆಂಟು ಬಂದ ಕೂಡಲೇ ಆಟ ತಿರುಗುಮುರುಗಾಗಿ ಚಿತ್ರ 2.3 ಸೆಕೆಂಡು ಮುಂದೆ ಹೋಗುತ್ತದೆ. ಅಲ್ಲಿಂದ ಅಂತರ ನಿಧಾನವಾಗಿ ಕರಗುತ್ತ ಕೊನೆಯಲ್ಲಿ ಸೊನ್ನೆಯಾಗುತ್ತದೆ. ಮೊದಲು ಚೆನ್ನಾಗಿದ್ದ ಎಂಟು ನಿಮಿಷವನ್ನೂ ಕೆಡಿಸಿದ ರಿಪೇರಿ ಇದು.

ಇಷ್ಟು ಅಂತರ ಯಾರ ಕಣ್ಣಿಗಾದರೂ ಹೊಡೆಯುತ್ತದೆ. ಎಷ್ಟು ಸಣ್ಣದಾದರೆ ಹೊಡೆಯುವುದಿಲ್ಲ? ಟಿವಿ ಪ್ರಸಾರಕ್ಕೆಂದು ಅಂತಾರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಕೊಟ್ಟಿರುವ ಅಂದಾಜಿನ ಪ್ರಕಾರ, ಸದ್ದು ಚಿತ್ರಕ್ಕಿಂತ 45 ಮಿಲಿಸೆಕೆಂಡು ಮೊದಲೇ ಬಂದರೆ ನೋಡುಗರಿಗೆ ಗೊತ್ತಾಗುತ್ತದೆ. ತಡವಾಗಿ ಬಂದರೆ 125ರವರೆಗೆ ಗೊತ್ತಾಗುವುದಿಲ್ಲ. ಈ ಪಕ್ಷಪಾತ ಸಹಜವೇ. ಹೊಳೆಯಾಚೆ ಬಟ್ಟೆ ಒಗೆಯುವವರ ಕೈ ಕಲ್ಲಿಗೆ ಬಡಿದ ಮೇಲೆಯೇ ಸದ್ದು ನಮ್ಮನ್ನು ಮುಟ್ಟುವುದು, ಅದಕ್ಕೆ ನಾವು ಒಗ್ಗಿಹೋಗಿದ್ದೇವೆ. ಸದ್ದು ಮೊದಲು ಬರುವುದನ್ನು ನಿಸರ್ಗ ನಮಗೆ ತೋರಿಸಿಲ್ಲ. 30ರ ಗತಿಯಲ್ಲಿ ಒಂದು ಫ್ರೇಮು ಎಂದರೆ ಸುಮಾರು 33 ಮಿಲಿಸೆಕೆಂಡು. ನಾಲ್ಕು ಫ್ರೇಮು ಕಾಣೆಯಾದರೆ ಸಾಕು, ಮಾತಿಗೂ ತುಟಿಗೂ ಎಲ್ಲೋ ಹೊಂದುತ್ತಿಲ್ಲ ಅನಿಸಲು ಶುರುವಾಗುತ್ತದೆ.

ಸರಿಯಾದ ಮದ್ದು ಎಡಿಟಿಂಗಿಗೆ ಮೊದಲೇ ಕುಡಿಸುವಂಥದ್ದು. ಚೀಟಿಗಳನ್ನು ಓದಬಲ್ಲ ಸಾಧನವೊಂದಕ್ಕೆ ಮೂಲ ಫೈಲು ಕೊಟ್ಟು, ಪ್ರತಿ ಫ್ರೇಮನ್ನೂ ಅದರದೇ ಕ್ಷಣದಲ್ಲಿ ಇಟ್ಟು, ಖಾಲಿ ಉಳಿದ ಮನೆಗಳಿಗೆ ಹಿಂದಿನ ಫ್ರೇಮಿನದೇ ನಕಲು ತುಂಬಿಸುವುದು. ಧ್ವನಿಯನ್ನು ಮುಟ್ಟುವಂತಿಲ್ಲ. ಕತ್ತಲೆಯ 480 ಫ್ರೇಮು ಹೀಗೆ ಮತ್ತೆ 600 ಆಗುತ್ತದೆ, ಚಿತ್ರ 1200 ಸೆಕೆಂಡು ಆಗುತ್ತದೆ.

ಮೊದಲು ಕಾಯಿಲೆ ಅದೇ ಹೌದೇ ಎಂದು ನೋಡಬೇಕು. ಮೀಡಿಯಾಇನ್ಫೋ ಎಂಬ ಉಚಿತ ಸಾಫ್ಟ್‌ವೇರ್‌ನಲ್ಲಿ ಫೈಲನ್ನು ತೆರೆದರೆ `Frame rate mode` ಎಂಬ ಸಾಲು ಸಿಗುತ್ತದೆ. ಅದರೆದುರು `Variable` ಎಂದಿದ್ದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ; ಫೋನಿನ ಫೈಲುಗಳಲ್ಲಿ ಅದು ಸಾಮಾನ್ಯ. ಕೆಳಗಿನ `Minimum frame rate` ನೋಡಬೇಕು. ಅದು 24ರ ಆಸುಪಾಸಿಗೆ ಇಳಿದಿದ್ದರೆ ಕರೆಂಟು ಹೋದದ್ದು ಫೈಲಿಗೂ ಗೊತ್ತಿದೆ ಎಂದರ್ಥ.

ಬದಲಾಯಿಸಲು ಹ್ಯಾಂಡ್‌ಬ್ರೇಕ್ ಎಂಬ ಇನ್ನೊಂದು ಉಚಿತ ಸಾಫ್ಟ್‌ವೇರ್ ಸಾಕು. ಫೈಲು ತೆರೆದು `Video` ಪುಟಕ್ಕೆ ಹೋಗಿ, `Framerate` ಎಂಬಲ್ಲಿ 30 ಆರಿಸಿ, ಅದರ ಜೊತೆಗೆ `Constant Framerate` ಗುರುತು ಹಾಕಬೇಕು. ಇಲ್ಲೊಂದು ಹಳ್ಳವಿದೆ. ಈ ಸಾಫ್ಟ್‌ವೇರ್‌ನ ಸಿದ್ಧ ಮಾದರಿಗಳಲ್ಲಿ ಹಲವು 30 ಎಂದು ತೋರಿಸಿದರೂ ಗುರುತು ಇರುವುದು `Peak Framerate` ಮೇಲೆ. 30ಕ್ಕಿಂತ ಮೇಲೆ ಹೋಗಬೇಡ, ಕೆಳಗಿಳಿದರೆ ಚಿಂತೆಯಿಲ್ಲ ಎಂಬುದು ಅದರ ಅರ್ಥ. ನಮಗೆ ಬೇಡದ್ದೇ ಕೆಳಗಿಳಿಯುವುದು! ಗುರುತು ಬದಲಿಸದೆ ಅರ್ಧ ಗಂಟೆ ಕಾದು ಕುಳಿತವರು, ಕೊನೆಗೆ ಮತ್ತೆ ಅದೇ ವೇರಿಯಬಲ್ ಫೈಲು ಪಡೆದು ‘ಇದರಿಂದಲೂ ಆಗಲಿಲ್ಲ’ ಎನ್ನುತ್ತಾರೆ. ಗುಣಮಟ್ಟದ ಜಾರುಗುಂಡಿಯನ್ನು 18ರ ಹತ್ತಿರ ಇಟ್ಟರೆ ಚಿತ್ರ ಕೆಟ್ಟದ್ದು ಕಣ್ಣಿಗೆ ಕಾಣುವುದಿಲ್ಲ. ಈ ಅಂಕಿ ಕಡಿಮೆಯಾದಷ್ಟೂ ಗುಣ ಹೆಚ್ಚು, ಫೈಲೂ ದೊಡ್ಡದು.

ಕಮಾಂಡ್ ಬರೆಯಲು ಅಂಜದವರಿಗೆ ಎಫ್‌ಎಫ್‌ಎಂಪೆಗ್‌ನಲ್ಲಿ ಇಡೀ ಕೆಲಸ ಒಂದು ಸಾಲು:

```
ffmpeg -i ata.mp4 -fps_mode cfr -r 30 -c:v libx264 -crf 18 -c:a copy ata30.mp4
```

ಇದರಲ್ಲಿ `cfr` ಎಂಬುದೇ ಮುಖ್ಯ ಪದ: ಖಾಲಿ ಮನೆಗೆ ನಕಲು ತುಂಬು, ಒಂದೇ ಮನೆಗೆ ಎರಡು ಬಂದರೆ ಒಂದನ್ನು ಬಿಡು ಎಂಬ ಆಜ್ಞೆ. `-c:a copy` ಎಂದರೆ ಧ್ವನಿಯನ್ನು ಇದ್ದ ಹಾಗೆಯೇ ಎತ್ತಿಡು ಎಂದು. ಹಳೆಯ ಆವೃತ್ತಿಗಳಿಗೆ `-fps_mode` ಗೊತ್ತಿಲ್ಲ, ಅಲ್ಲಿ `-vsync` ಎಂದು ಬರೆಯಬೇಕು.

ಈ ಮದ್ದು ಮೂಲ ಫೈಲಿನ ಮೇಲಷ್ಟೇ ನಾಟುತ್ತದೆ. ಎಡಿಟಿಂಗ್ ಮುಗಿಸಿ, ಸದ್ದು ತಪ್ಪಿದ ಹಾಗೆಯೇ ಹೊರತೆಗೆದ ವಿಡಿಯೊದಲ್ಲಿ ಹಳೆಯ ಚೀಟಿಗಳು ಅಳಿಸಿಹೋಗಿರುತ್ತವೆ. ಅದನ್ನು ಹತ್ತು ಸಲ ಕಾನ್‌ಸ್ಟಂಟ್ ಮಾಡಿದರೂ ಉಪಯೋಗವಿಲ್ಲ. ವಾಟ್ಸಾಪಿನಲ್ಲಿ ವಿಡಿಯೊ ಆಗಿ ಬಂದ ಪ್ರತಿಯೂ ದಾರಿಯಲ್ಲಿ ಮತ್ತೊಮ್ಮೆ ಹಿಂಡಿಸಿಕೊಂಡು ಬಂದಿರುತ್ತದೆ. ಕೇಬಲ್ ಹಾಕಿ ಫೋನಿನಿಂದಲೇ ತೆಗೆದುಕೊಳ್ಳುವುದು, ಇಲ್ಲವೇ ಡಾಕ್ಯುಮೆಂಟ್ ಆಗಿ ಕಳಿಸಲು ಹೇಳುವುದು ಒಳ್ಳೆಯದು.

ಸದ್ದು ತಪ್ಪಿದ್ದೆಲ್ಲ ಈ ಕಾಯಿಲೆಯೂ ಅಲ್ಲ. ಆರಂಭ, ನಡು, ಕೊನೆ ಮೂರರಲ್ಲೂ ಒಂದೇ ಅಳತೆಯ ಅಂತರವಿದ್ದರೆ ಅದು ಬ್ಲೂಟೂತ್ ಮೈಕಿನಂಥದ್ದರ ವಿಳಂಬವಿರಬಹುದು. ಧ್ವನಿಯನ್ನು ಅಷ್ಟು ಸರಿಸಿದರೆ ಮುಗಿಯಿತು. ಬೇರೆ ರೆಕಾರ್ಡರಿನಲ್ಲಿ ಹಿಡಿದ ಧ್ವನಿ ಗಂಟೆಗಟ್ಟಲೆಯಲ್ಲಿ ಸ್ವಲ್ಪ ಸ್ವಲ್ಪವಾಗಿ, ಒಂದೇ ಹದದಲ್ಲಿ ಜಾರುತ್ತಿದ್ದರೆ ಎರಡು ಯಂತ್ರಗಳ ಗಡಿಯಾರ ಒಂದಕ್ಕೊಂದು ಹೊಂದುತ್ತಿಲ್ಲ ಎಂದರ್ಥ. ಧ್ವನಿಯನ್ನು ಎಳೆದು ಸರಿಮಾಡುವ ಉಪಾಯ ಸಲ್ಲುವುದು ಅಲ್ಲಿ. ಒಂದು ಜಾಗದಲ್ಲಿ ತಟ್ಟನೆ ಹಾರಿ, ಆಮೇಲೆ ಹಾಗೇ ನಿಂತರೆ ಮಾತ್ರ ಫ್ರೇಮುಗಳ ಮೇಲೆ ಅನುಮಾನ ಬಲವಾಗುತ್ತದೆ.

ಮುಂದಿನ ಆಟಕ್ಕೆ ಹುಡುಗ `Auto FPS` ಆಫ್ ಮಾಡಿ ಹೋಗಬಹುದು. ಕತ್ತಲಲ್ಲಿ ಚಿತ್ರ ಇನ್ನಷ್ಟು ಮಂಕಾಗುತ್ತದೆ, ಕಾಳುಕಾಳಾಗುತ್ತದೆ. ಆ ಬೆಲೆ ತೆರಲೇಬೇಕು. ಸದ್ಯಕ್ಕೆ ಅವನ ಮುಂದಿರುವ ಹೊಸ ಫೈಲಿಗೆ ಮೀಡಿಯಾಇನ್ಫೋ `Constant` ಎನ್ನುತ್ತಿದೆ. ಟೈಮ್‌ಲೈನಿನಲ್ಲಿ ಹಾಕಿ, ಕರೆಂಟು ಹೋಗುವ ಮೊದಲಿನ ಒಂದು ಚೆಂಡೆಯ ಪೆಟ್ಟು, ಬಂದ ಮೇಲಿನ ಒಂದು, ಕೊನೆಯ ಒಂದು, ಹೀಗೆ ಮೂರನ್ನು ನೋಡಿದ್ದಾನೆ, ಮೂರೂ ಹೊಂದುತ್ತವೆ. ಟಾರ್ಚಿನ ಬೆಳಕಿನ ಇಪ್ಪತ್ತು ಸೆಕೆಂಡಿನಲ್ಲಿ ಫ್ರೇಮು ಫ್ರೇಮಾಗಿ ಮುಂದೆ ಒತ್ತುತ್ತ ಹೋದರೆ, ಪ್ರತಿ ಐದರಲ್ಲಿ ಒಂದು ಫ್ರೇಮು ತನ್ನ ಹಿಂದಿನದರ ಪಡಿಯಚ್ಚಾಗಿ ಕಾಣಿಸುತ್ತದೆ.