ಲೆಕ್ಕದಿಂದ ಅಳಿದರೂ ಯಂತ್ರದಲ್ಲಿ ಉಳಿಯುವುದು

ಅಂಗೈ ಮೇಲೆ ನೆಟ್ಟಗೆ ನಿಲ್ಲಿಸಿದ ಕೋಲು ಒಂದಿಷ್ಟು ವಾಲಿದರೆ ಸಾಕು, ಕೈ ಅಲುಗಿಸದಿದ್ದರೆ ಮತ್ತಷ್ಟು ವಾಲುತ್ತದೆ. ವಾಲಿದಷ್ಟೂ ಬೀಳುವ ವೇಗ ಹೆಚ್ಚುತ್ತದೆ. ಎಂಜಿನಿಯರುಗಳ ಕೈಗೆ ಇಂಥ ಸ್ವಭಾವದ ಸಾಧನಗಳು ಆಗಾಗ ಬರುತ್ತವೆ. ಕಾಂತಬಲದಿಂದ ಗಾಳಿಯಲ್ಲಿ ತೇಲುವ ಬೇರಿಂಗ್ ಅಂಥದ್ದು, ತಳದಿಂದ ತಳ್ಳಿಸಿಕೊಂಡು ಮೇಲೇರುವ ರಾಕೆಟ್ ಕೂಡ ಅಂಥದ್ದೇ. ಇವುಗಳನ್ನು ಗಣಿತದಲ್ಲಿ ಬರೆಯುವಾಗ ಅತ್ಯಂತ ಸರಳವಾದ ಮಾದರಿ `1/(s-1)`. ಇಲ್ಲಿ ಛೇದದಲ್ಲಿರುವ `s-1` ಎಂಬುದೇ ಅಪಾಯದ ಗುರುತು. ಸಾಧನವನ್ನು ಅದರ ಪಾಡಿಗೆ ಬಿಟ್ಟರೆ ಸಣ್ಣ ವ್ಯತ್ಯಾಸವೂ ಪ್ರತಿ ಸೆಕೆಂಡಿಗೆ ಸುಮಾರು 2.7 ಪಟ್ಟು ಬೆಳೆಯುತ್ತದೆ ಎಂಬುದನ್ನು ಅದು ಹೇಳುತ್ತದೆ.

ಈ ಅಪಾಯವನ್ನು ನೀಗಲು ಯಾರಿಗಾದರೂ ಹೊಳೆಯಬಹುದಾದ ಉಪಾಯ ಒಂದಿದೆ. ಸಾಧನದ ಮುಂದೆ `(s-1)/(s+1)` ಎಂಬ ಸರ್ಕ್ಯೂಟನ್ನು ಜೋಡಿಸುವುದು. ಎರಡನ್ನೂ ಗುಣಿಸಿದರೆ ಮೇಲಿನ `s-1` ಮತ್ತು ಕೆಳಗಿನ `s-1` ಹೊಡೆದುಹೋಗಿ `1/(s+1)` ಮಾತ್ರ ಉಳಿಯುತ್ತದೆ. ಇದು ಸಾಧು ಸ್ವಭಾವದ್ದು. ಯಾವ ಅಲುಗಾಟವನ್ನಾದರೂ ತಾನಾಗಿಯೇ ಶಮನ ಮಾಡಿಕೊಳ್ಳುತ್ತದೆ. ಕಾಗದದ ಮೇಲೆ ಎಲ್ಲವೂ ಸರಿಯಾಗಿದೆ. ಆದರೆ ಹೀಗೆ ಕಟ್ಟಿದ ಯಂತ್ರ ಖಂಡಿತ ಕೆಡುತ್ತದೆ.

ಏಕೆ ಕೆಡುತ್ತದೆ ಎಂಬುದಕ್ಕೆ ನಿಖರ ಉತ್ತರ ಕೊಟ್ಟವನು ರುಡಾಲ್ಫ್ ಕಾಲ್ಮನ್. 1930ರಲ್ಲಿ ಬುಡಾಪೆಸ್ಟ್‌ನಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದು ನೆಲೆಸಿದ ಈ ಗಣಿತಜ್ಞ ನಿಯಂತ್ರಣಸಾಧ್ಯತೆ ಮತ್ತು ವೀಕ್ಷಣಸಾಧ್ಯತೆ ಎಂಬ ಎರಡು ಪರಿಕಲ್ಪನೆಗಳನ್ನು 1960ರಲ್ಲಿ ಮಾಸ್ಕೋದಲ್ಲಿ ನಡೆದ ಸ್ವಯಂಚಾಲಿತ ನಿಯಂತ್ರಣದ ಮೊದಲ ಅಂತರರಾಷ್ಟ್ರೀಯ ಸಮಾವೇಶದ ಮುಂದಿಟ್ಟ. 1963ರಲ್ಲಿ ಅವನೂ ಎಲ್ಮರ್ ಗಿಲ್ಬರ್ಟ್ ಎಂಬ ಇನ್ನೊಬ್ಬ ಸಂಶೋಧಕನೂ ಬೇರೆಬೇರೆಯಾಗಿ ಪ್ರಕಟಿಸಿದ ಲೇಖನಗಳು ಯಾವುದೇ ರೇಖೀಯ ವ್ಯವಸ್ಥೆಯನ್ನು ಅದರ ಒಳಭಾಗಗಳಾಗಿ ಹೇಗೆ ಬಿಡಿಸಬೇಕೆಂದು ತೋರಿಸಿದವು.

ಕಾಲ್ಮನ್‌ನ ದಾರಿ ಶುರುವಾಗುವುದು ‘ಸ್ಥಿತಿ’ಯಿಂದ. ಈ ಕ್ಷಣದಲ್ಲಿ ಯಂತ್ರದೊಳಗೆ ಏನಿದೆ ಎಂಬುದನ್ನು ಪೂರ್ತಿಯಾಗಿ ಹೇಳಲು ಬೇಕಾದ ಸಂಖ್ಯೆಗಳೇ ಅದರ ಸ್ಥಿತಿ. ಅವು ಗೊತ್ತಿದ್ದರೆ, ಮುಂದೆ ಏನೇನು ಆದೇಶ ಕೊಡುತ್ತೇವೆಂದೂ ಗೊತ್ತಿದ್ದರೆ, ಮುಂದಿನದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ನಮ್ಮ ಜೋಡಣೆಯಲ್ಲಿ ಇಂಥ ಸಂಖ್ಯೆಗಳು ಎರಡು. ಸಾಧನದೊಳಗಿನದು `x1`, ಸರ್ಕ್ಯೂಟಿನೊಳಗಿನದು `x2`. ನಾವು ಕೊಡುವ ಆದೇಶ `u`, ಮೀಟರಿನಲ್ಲಿ ಕಾಣುವುದು `y`. ಅಕ್ಷರದ ಮೇಲಿನ ಚುಕ್ಕೆಗೆರೆ ಅದು ಬದಲಾಗುವ ವೇಗವನ್ನು ಸೂಚಿಸುತ್ತದೆ.

```
x1' = x1 - 2·x2 + u
x2' = -x2 + u
y   = x1
```

`1/(s+1)` ನಡೆಯಲು ಒಂದೇ ಸ್ಥಿತಿ ಸಾಕು. ಇಲ್ಲಿ ಎರಡಿವೆ. ಹಾಗಾದರೆ ಒಂದು ಎಲ್ಲೋ ಅಡಗಿದೆ. ಅದನ್ನು ಹೊರಗೆಳೆಯಲು ಮೊದಲು ಕೇಳಬೇಕಾದ ಪ್ರಶ್ನೆ: ಆದೇಶ ಕೊಟ್ಟು ಈ ಎರಡು ಸಂಖ್ಯೆಗಳನ್ನು ಎಲ್ಲೆಲ್ಲಿಗೆ ಒಯ್ಯಬಹುದು?

ಆದೇಶ `u` ಎರಡೂ ಸಮೀಕರಣಗಳಿಗೆ ಸಮನಾಗಿ ಸೇರುತ್ತದೆ, ಎಂದರೆ ಅದು ಸ್ಥಿತಿಯನ್ನು (1, 1) ದಿಕ್ಕಿಗೆ ತಳ್ಳುತ್ತದೆ. ಹೀಗೆ ತಳ್ಳಿದ ಸ್ಥಿತಿ ತನ್ನಷ್ಟಕ್ಕೆ ಯಾವ ಕಡೆ ಸಾಗುತ್ತದೆ? `x1` ಮತ್ತು `x2` ಎರಡಕ್ಕೂ 1 ಎಂದು ಕೊಟ್ಟು ನೋಡಿದರೆ ಮೊದಲ ಸಾಲಿನಲ್ಲಿ 1 − 2 = −1, ಎರಡನೆಯದರಲ್ಲೂ −1. ಎಂದರೆ (−1, −1). ಅದೇ ಗೆರೆ, ತಿರುಗುಮುಖ ಮಾತ್ರ. ಎಷ್ಟು ಸಲ ಮುಂದುವರಿಸಿದರೂ ಗೆರೆ ಬದಲಾಗುವುದಿಲ್ಲ. ಎರಡು ಆಯಾಮದ ಬಯಲಿನಲ್ಲಿ ಆದೇಶದ ಕೈಗೆ ಎಟಕುವುದು ಒಂದೇ ಒಂದು ಗೆರೆ. ಪಠ್ಯಪುಸ್ತಕಗಳಲ್ಲಿ ಬರುವ ನಿಯಂತ್ರಣಸಾಧ್ಯತೆಯ ಮ್ಯಾಟ್ರಿಕ್ಸ್ ಹೇಳುವುದು ಇದನ್ನೇ. ಈ ದಿಕ್ಕುಗಳನ್ನು ಪಕ್ಕಪಕ್ಕದಲ್ಲಿ ಬರೆದು, ನಿಜವಾಗಿ ಬೇರೆಬೇರೆಯಾದವು ಎಷ್ಟೆಂದು ಎಣಿಸುವುದು.

ಎಟಕದ ಭಾಗವನ್ನು ಬೇರ್ಪಡಿಸಲು ಅಳತೆಯ ಅಕ್ಷಗಳನ್ನು ಬದಲಿಸಿದರಾಯಿತು. `x1` ಮತ್ತು `x2` ನಡುವಿನ ವ್ಯತ್ಯಾಸವನ್ನು `z` ಎಂದು ಕರೆಯೋಣ. ಮೇಲಿನ ಸಾಲಿನಿಂದ ಕೆಳಗಿನ ಸಾಲನ್ನು ಕಳೆದರೆ `u` ಪೂರ್ತಿ ಬಿದ್ದುಹೋಗಿ ಹೀಗಾಗುತ್ತದೆ:

```
x2' = -x2 + u
z'  = z
y   = x2 + z
```

ಈಗ ಒಳಗಿನ ರಚನೆ ಕಣ್ಣಿಗೆ ಹೊಡೆಯುವಷ್ಟು ಸ್ಪಷ್ಟ. ಮೊದಲ ಸಾಲು `1/(s+1)`. ಎರಡನೆಯದು ನಾವು ಹೊಡೆದುಹಾಕಿದೆವೆಂದುಕೊಂಡಿದ್ದ ಅಪಾಯ. ಯಾರ ಆದೇಶಕ್ಕೂ ಜಗ್ಗದೆ ತನ್ನ ಪಾಡಿಗೆ ಬೆಳೆಯುತ್ತಿದೆ. ಶುರುವಿನಲ್ಲಿ `z` ಸರಿಯಾಗಿ ಸೊನ್ನೆಯಾಗಿದ್ದರೆ ಅದು ಸೊನ್ನೆಯಲ್ಲೇ ಇರುತ್ತದೆ. ಕಾಗದದ ಲೆಕ್ಕ ಊಹಿಸಿಕೊಂಡದ್ದು ಅದನ್ನೇ. ಆದರೆ ಶುರುವಿನಲ್ಲಿ ಸಾವಿರದ ಒಂದಂಶದಷ್ಟು ವ್ಯತ್ಯಾಸವಿದ್ದರೂ 7 ಸೆಕೆಂಡಿನಲ್ಲಿ ಅದು 1.1 ಆಗುತ್ತದೆ, 10 ಸೆಕೆಂಡಿನಲ್ಲಿ 22. ನೈಜ ಯಂತ್ರದಲ್ಲಿ ಸರಿಯಾದ ಸೊನ್ನೆ ಎಂಬುದಿಲ್ಲ. ಇನ್ನೂ ಕೆಟ್ಟದ್ದೆಂದರೆ, ಅದು ಬೆಳೆಯುವುದು ಮೀಟರಿನಲ್ಲಿ ಕಾಣುತ್ತಿದ್ದರೂ ಯಾವ ಆದೇಶದಿಂದಲೂ ತಡೆಯಲಾಗದು.

ಜೋಡಣೆಯ ಕ್ರಮವನ್ನು ತಿರುವುಮುರುವು ಮಾಡಿ, ಸಾಧನವನ್ನು ಮುಂದಿಟ್ಟು ಸರ್ಕ್ಯೂಟನ್ನು ಅದರ ಹಿಂದೆ ಇಟ್ಟರೆ? ಗುಣಾಕಾರದಲ್ಲಿ ಕ್ರಮಕ್ಕೆ ಬೆಲೆಯಿಲ್ಲ. ಉತ್ತರ ಮತ್ತೆ `1/(s+1)`. ಒಳಗೆ ಮಾತ್ರ ಕಥೆ ಬೇರೆ.

```
x1' = x1 + u
x2' = -x2 + x1
y   = x1 - 2·x2
```

ಈ ಸಲ ಆದೇಶ ಎಲ್ಲ ಕಡೆಗೂ ಎಟಕುತ್ತದೆ. ಆದರೆ `y` ಬದಲಾಗುವ ವೇಗವನ್ನು ಲೆಕ್ಕಹಾಕಿದರೆ ಬರುವುದು `y' = -y + u`. ಮೀಟರಿನ ಕಣ್ಣಿಗೆ ಬೀಳುವುದು `x1 - 2·x2` ಎಂಬ ಒಂದೇ ಸಂಯೋಗ. ಅದನ್ನು ಎಷ್ಟು ಹೊತ್ತು ನೋಡಿದರೂ `x1` ಎಷ್ಟಿದೆ ಎಂಬುದು ತಿಳಿಯದು. ಎಲ್ಲವೂ ಸೊನ್ನೆಯಲ್ಲಿದ್ದಾಗ `u` ಅನ್ನು 1ಕ್ಕೆ ಏರಿಸಿ ಹಾಗೇ ಬಿಟ್ಟರೆ 5 ಸೆಕೆಂಡಿನ ಹೊತ್ತಿಗೆ ಮೀಟರ್ 0.99 ತೋರಿಸುತ್ತಿರುತ್ತದೆ, ಬೇಕಾದದ್ದಕ್ಕೆ ಬಹಳ ಹತ್ತಿರ. ಅದೇ ಕ್ಷಣದಲ್ಲಿ ಸಾಧನದೊಳಗಿನ `x1` 147 ದಾಟಿರುತ್ತದೆ. ಮೊದಲ ಜೋಡಣೆಯಲ್ಲಿ ಅಪಾಯ ಕಾಣುತ್ತಿತ್ತು, ಕೈಗೆ ಸಿಗುತ್ತಿರಲಿಲ್ಲ. ಇಲ್ಲಿ ನಮ್ಮ ಆದೇಶವೇ ಅದನ್ನು ಬೆಳೆಸುತ್ತಿದೆ, ನಮಗದು ಕಾಣುವುದೇ ಇಲ್ಲ. ಇವೆರಡರಲ್ಲಿ ಹೆಚ್ಚು ಭಯಂಕರವಾದದ್ದು ಎರಡನೆಯದೇ.

ಕಾಲ್ಮನ್ ತೋರಿಸಿದ್ದೇನೆಂದರೆ, ಎಷ್ಟೇ ದೊಡ್ಡ ರೇಖೀಯ ವ್ಯವಸ್ಥೆಯಾದರೂ ಅಕ್ಷಗಳನ್ನು ತಕ್ಕಂತೆ ಬದಲಿಸಿದರೆ ಅದು ನಾಲ್ಕು ಪಾಲಾಗಿ ಬಿಡಿಸಿಕೊಳ್ಳುತ್ತದೆ. ಆದೇಶಕ್ಕೂ ಎಟಕಿ ಮೀಟರಿಗೂ ಕಾಣುವ ಪಾಲು ಒಂದು. ಎಟಕಿದರೂ ಕಾಣದ್ದು ಒಂದು, ಕಂಡರೂ ಎಟಕದ್ದು ಇನ್ನೊಂದು. ಎಟಕದ, ಕಾಣದ ಪಾಲು ನಾಲ್ಕನೆಯದು. ಒಂದೇ ಪಂಪಿನಿಂದ ಸಮಪಾಲಾಗಿ ನೀರು ಪಡೆಯುವ, ಎಲ್ಲ ರೀತಿಯಲ್ಲೂ ಒಂದೇ ಬಗೆಯ ಎರಡು ಟ್ಯಾಂಕುಗಳಿದ್ದು, ಮೀಟರ್ ಅವುಗಳ ಒಟ್ಟು ನೀರನ್ನಷ್ಟೇ ತೋರಿಸುವುದಾದರೆ, ಟ್ಯಾಂಕುಗಳ ನಡುವಿನ ಮಟ್ಟದ ವ್ಯತ್ಯಾಸ ಈ ನಾಲ್ಕನೆಯ ಪಾಲಿಗೆ ಸೇರುತ್ತದೆ. ಎಲ್ಲ ಪಾಲುಗಳೂ ಪ್ರತಿ ವ್ಯವಸ್ಥೆಯಲ್ಲಿ ಇರಲೇಬೇಕೆಂದಿಲ್ಲ. ಆದರೆ ಆದೇಶದಿಂದ ಮೀಟರಿನವರೆಗೆ ಹೋಗುವ ದಾರಿ ಮೊದಲನೆಯ ಪಾಲಿನ ಮೂಲಕ ಮಾತ್ರ ಹಾಯುತ್ತದೆ. ಉಳಿದ ಮೂರನ್ನು ಕತ್ತರಿಸಿ ತೆಗೆದರೂ ಆದೇಶಕ್ಕೂ ಮೀಟರಿಗೂ ಇರುವ ಸಂಬಂಧ ಒಂದಿಷ್ಟೂ ಬದಲಾಗದು. ಹೀಗೆ ಉಳಿಯುವ ಮೊದಲ ಪಾಲಿಗೇ ಕನಿಷ್ಠ ರೂಪವೆಂದು ಹೆಸರು. ಅದಕ್ಕಿಂತ ಕಡಿಮೆ ಸ್ಥಿತಿಗಳಲ್ಲಿ ಅದೇ ವರ್ತನೆಯನ್ನು ಬರೆಯಲಾಗದು. ಯಾರು ಯಾವ ದಾರಿಯಿಂದ ಕನಿಷ್ಠ ರೂಪಕ್ಕೆ ಬಂದರೂ ಸ್ಥಿತಿಗಳ ಎಣಿಕೆ ಒಂದೇ ಇರುತ್ತದೆ. ಬೇರೆಯಾಗುವುದು ಅಕ್ಷಗಳ ಆಯ್ಕೆಯೊಂದೇ.

ದೊಡ್ಡ ಮಾದರಿಗಳಲ್ಲಿ ಈ ಕೆಲಸ ಕಂಪ್ಯೂಟರಿನದು. ಮ್ಯಾಟ್‌ಲ್ಯಾಬ್‌ನಲ್ಲಿ `minreal` ಎಂಬ ಒಂದೇ ಆಜ್ಞೆ ಸಾಕು. ನಮ್ಮ ಎರಡು ಜೋಡಣೆಗಳಲ್ಲಿ ಯಾವುದನ್ನು ಕೊಟ್ಟರೂ ಪರದೆಯ ಮೇಲೆ `1 state removed.` ಎಂದು ಬರುತ್ತದೆ. ಕಿತ್ತುಹಾಕಿದ್ದು ತಾನಾಗಿ ಶಮನವಾಗುವ ಸ್ಥಿತಿಯೋ ಅಥವಾ ಸ್ಫೋಟಿಸುವ ಸ್ಥಿತಿಯೋ ಎಂಬುದನ್ನು ಆ ಸಾಲು ಹೇಳುವುದಿಲ್ಲ. ಟ್ಯಾಂಕುಗಳ ವ್ಯತ್ಯಾಸದಂತೆ ತಾನಾಗಿಯೇ ಇಳಿದುಹೋಗುವುದನ್ನು ಬಿಟ್ಟರೆ ನಷ್ಟವಿಲ್ಲ. `z' = z` ಅನ್ನು ಬಿಟ್ಟರೆ ಯಂತ್ರವೇ ಕೈಬಿಡುತ್ತದೆ.

ಇನ್ನೊಂದು ತೊಡಕು ‘ಸರಿಸುಮಾರು’ ಎಂಬಲ್ಲಿದೆ. ಬಿಡಿಭಾಗಗಳ ಬೆಲೆ ಸ್ವಲ್ಪ ಹೆಚ್ಚುಕಡಿಮೆಯಾಗಿ ಸರ್ಕ್ಯೂಟು `(s-1)/(s+1)` ಆಗುವ ಬದಲು `(s-1.001)/(s+1)` ಆಯಿತೆನ್ನಿ. ಆಗ ಯಾವುದೂ ಹೊಡೆದುಹೋಗುವುದಿಲ್ಲ. ಎಟಕದ ಸ್ಥಿತಿ ಈಗ ತಾಂತ್ರಿಕವಾಗಿ ಎಟಕುವಂಥದು, ಆದರೆ ಹಿಡಿತ ಬಹಳ ಸಡಿಲ. `u` ಅನ್ನು 1ಕ್ಕೆ ಏರಿಸಿದರೆ 5 ಸೆಕೆಂಡಿಗೆ ಮೀಟರ್ 0.92 ತೋರಿಸುತ್ತದೆ, ನೋಡಿದವರು ಎಲ್ಲವೂ ಸರಿಯಿದೆ ಎಂದುಕೊಳ್ಳಬೇಕು. 10 ಸೆಕೆಂಡಿಗೆ ಅದು −10. ಆದ್ದರಿಂದ ದಿಕ್ಕುಗಳು ಬೇರೆಬೇರೆಯೇ ಎಂಬ ಎಣಿಕೆಯಲ್ಲಿ ಹೌದು ಅಥವಾ ಇಲ್ಲ ಎಂಬ ಉತ್ತರವಷ್ಟೇ ಸಾಲದು, ಎಷ್ಟರ ಮಟ್ಟಿಗೆ ಬೇರೆ ಎಂಬುದೂ ಬೇಕು. `minreal` ತಾನಾಗಿ ಇಟ್ಟುಕೊಳ್ಳುವ ಸಹನೆಯ ಮಿತಿ ಸುಮಾರು 1.5e-8. ಅದರಿಂದ ನೋಡಿದರೆ ಸಾವಿರದ ಒಂದಂಶದ ಅಂತರ ಬಹಳ ದೊಡ್ಡದು, ಸ್ಥಿತಿ ಉಳಿಯುತ್ತದೆ. ಮಾದರಿ ಚಿಕ್ಕದಾಗಲಿ ಎಂದು ಯಾರಾದರೂ ಆ ಮಿತಿಯನ್ನು ಸಡಿಲಿಸಿದರೆ ಅದೇ ಸ್ಥಿತಿ ಸದ್ದಿಲ್ಲದೆ ಮಾಯವಾಗುತ್ತದೆ.

ಈ ಸಾಧನಕ್ಕೆ ಸರಿಯಾದ ಮದ್ದು ಮರುಪೂರಣ, ಅಂದರೆ ಫೀಡ್‌ಬ್ಯಾಕ್. `x1` ಅನ್ನು ಅಳೆದು, ಅದರ ಎರಡು ಪಟ್ಟನ್ನು ಆದೇಶದಿಂದ ಕಳೆದು ಸಾಧನಕ್ಕೆ ಕೊಟ್ಟರೆ `x1' = x1 - 2·x1 + u`, ಎಂದರೆ `x1' = -x1 + u`. ಸಿಕ್ಕಿದ್ದು ಅದೇ `1/(s+1)`. ಈ ಸಲ ಸ್ಥಿತಿ ಒಂದೇ, ಅಡಗಿದ್ದು ಏನೂ ಇಲ್ಲ. ಎರಡು ಪಟ್ಟಿನ ಬದಲು 1.9 ಪಟ್ಟಾದರೂ ಯಂತ್ರ ಕೆಡುವುದಿಲ್ಲ, ಸ್ವಲ್ಪ ನಿಧಾನವಾಗುತ್ತದೆ ಅಷ್ಟೆ.

ಯಾವ ಮಾದರಿಯನ್ನಾದರೂ ಕಿರಿದುಗೊಳಿಸುವವರು ಮೊದಲು ಈ ಮೂರು ಸಾಲುಗಳನ್ನು ಓಡಿಸಿ ನೋಡಬೇಕು. ಎಟಕದ ಪಾಲು ಮೇಲಿನ ಎಡ ಮೂಲೆಗೆ ಬಂದು ಕೂರುತ್ತದೆ, ಅದರ ಸ್ವಭಾವವನ್ನು ಕೊನೆಯ ಸಾಲು ಹೇಳುತ್ತದೆ. `ctrbf` ಜಾಗದಲ್ಲಿ `obsvf` ಎಂದು ಬರೆದರೆ ಕಾಣದ ಪಾಲಿಗೂ ಇದೇ ಪರೀಕ್ಷೆ.

```
[Ab,Bb,Cb,T,k] = ctrbf(A,B,C);
n = size(A,1) - sum(k);
eig(Ab(1:n,1:n))
```

ಬಂದ ಸಂಖ್ಯೆಗಳೆಲ್ಲದರ ನೈಜಭಾಗ ಋಣವಾಗಿದ್ದರೆ ಧೈರ್ಯವಾಗಿ `minreal` ಬಳಸಬಹುದು. ಒಂದಾದರೂ ಸೊನ್ನೆಯೋ ಧನವೋ ಆಗಿದ್ದರೆ ಕಿರಿದಾದ ಮಾದರಿಯನ್ನು ನಂಬಬಾರದು. ಇನ್ನೊಂದು ಸೆನ್ಸರ್ ಸೇರಿಸಬೇಕು, ಇಲ್ಲವೇ ಆದೇಶ ಒಳಹೋಗುವ ಜಾಗವನ್ನೇ ಬದಲಿಸಬೇಕು. ನಮ್ಮ ಮೊದಲ ಜೋಡಣೆಗೆ ಈ ಪರೀಕ್ಷೆ ಕೊಡುವ ಉತ್ತರ 1.